ಸ್ಲಾಟ್‌ನ ಒಟ್ಟು ಉದ್ದ, ಸೆಂಟರ್ ದೂರ, ತುದಿಯ ರೇಡಿಯಸ್: ಮೂರನ್ನೂ ಬರೆಯಬೇಡಿ

ಪ್ರಶ್ನೆ: ಎರಡೂ ತುದಿ ಗುಂಡಗಿರುವ ಸ್ಲಾಟ್. ಸೆಂಟರ್ ಟು ಸೆಂಟರ್ 40, ಅಗಲ 14 ಅಂತ ಕೊಟ್ಟಿದ್ದಾರೆ. ಒಟ್ಟು ಉದ್ದ ಎಷ್ಟು, ತುದಿಗೆ ರೇಡಿಯಸ್ ಎಷ್ಟು? ಉದ್ದ, ಸೆಂಟರ್, ರೇಡಿಯಸ್ ಮೂರನ್ನೂ ಡ್ರಾಯಿಂಗ್‌ನಲ್ಲಿ ಬರೆದುಬಿಟ್ಟರೆ ಸೇಫ್ ಅಲ್ವಾ?

ಒಟ್ಟು ಉದ್ದ 54, ರೇಡಿಯಸ್ 7. ಸೆಂಟರ್ ದೂರಕ್ಕೆ ಆಚೆ ಕಡೆ ಅರ್ಧ ಅಗಲ, ಈಚೆ ಕಡೆ ಅರ್ಧ ಅಗಲ ಸೇರುತ್ತದೆ, ಅಂದರೆ ಒಂದು ಪೂರ್ತಿ ಅಗಲ.

```
L = C + W
R = W / 2
```

ಮೂರನ್ನೂ ಬರೆಯುವುದು ಮಾತ್ರ ಬೇಡವೇ ಬೇಡ. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಈ ಅಳತೆಗಳೇ ನಮ್ಮ ವರ್ಕ್‌ಶಾಪ್‌ಗೆ ಒಮ್ಮೆ ಒಂದು ಲಾಟ್ ಪೂರ್ತಿ ನಷ್ಟ ತಂದಿದ್ದವು, ಮೊದಲು ಅದನ್ನು ಕೇಳಿ.

ಮೋಟಾರ್ ಕೂರಿಸುವ ಬೇಸ್ ಪ್ಲೇಟ್. ಬೆಲ್ಟ್ ಬಿಗಿ ಮಾಡಲು ಮೋಟಾರನ್ನು ಹಿಂದೆ ಮುಂದೆ ಸರಿಸಬೇಕಲ್ಲ, ಅದಕ್ಕೆ M12 ಬೋಲ್ಟ್ ಓಡಾಡುವಂತೆ 14 ಅಗಲದ ಸ್ಲಾಟ್. ಪಾರ್ಟಿಯ ಡ್ರಾಯಿಂಗ್‌ನಲ್ಲಿ ಇದ್ದದ್ದು ಒಟ್ಟು ಉದ್ದ, 54. ನಾನು ಜಾಬ್ ಕಾರ್ಡ್‌ನಲ್ಲಿ ‘ಸ್ಲಾಟ್ 14 × 54’ ಎಂದಷ್ಟೇ ಬರೆದೆ. 54 ತುದಿಯಿಂದ ತುದಿಗೋ, ಸೆಂಟರ್‌ನಿಂದ ಸೆಂಟರ್‌ಗೋ ಎಂದು ಬರೆಯಲಿಲ್ಲ. ಡ್ರಾಯಿಂಗ್‌ನಲ್ಲಿ ಅಳತೆಯ ಗೆರೆ ಎಲ್ಲಿಂದ ಹೊರಟಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಅಂಕಿಯನ್ನು ಕಾರ್ಡ್‌ಗೆ ಇಳಿಸಿದ ಕೂಡಲೇ ಆ ಗೆರೆ ಹೋಯಿತು.

ಈಗ ಮಿಲ್ಲಿಂಗ್ ಮಾಡುವವರ ಕಡೆಯಿಂದ ಯೋಚಿಸಿ. ಮೆಷಿನ್‌ನಲ್ಲಿ ಅವರು ಓಡಿಸುವುದು ಕಟರ್‌ನ ಸೆಂಟರನ್ನು. 14ರ ಕಟರ್ ಹಾಕಿದರೆ ಸೆಂಟರ್ ದೂರವಷ್ಟೇ ಓಡಬೇಕು: ಸ್ಲಾಟ್‌ನ ನಡುವೆ ಝೀರೋ ಇಟ್ಟರೆ X-20ರಿಂದ X20ರವರೆಗೆ. ತುದಿಯ ಗುಂಡು ಕಟರ್‌ನಿಂದ ತಾನಾಗಿಯೇ ಬರುತ್ತದೆ. ಆದರೆ ನಮ್ಮ ಆಪರೇಟರ್ ಕಾರ್ಡ್‌ನಲ್ಲಿದ್ದ 54 ಅನ್ನೇ ಓಟ ಅಂದುಕೊಂಡು X-27ರಿಂದ X27ಕ್ಕೆ ಹೊಡೆದರು. ಅವರ ತಪ್ಪೇನಿಲ್ಲ. ಸ್ಲಾಟ್ 68 ಉದ್ದ ಆಯಿತು, ಎರಡೂ ಕಡೆ 7 ಮಿಮೀ ಜಾಸ್ತಿ. ಸ್ಲಾಟ್ ನಿಲ್ಲಬೇಕಿದ್ದ ಜಾಗದಿಂದ 5 ಮಿಮೀ ಆಚೆಗೆ ಒಂದು M8 ಟ್ಯಾಪ್ ಹೋಲ್ ಇತ್ತು. ಸ್ಲಾಟ್ ಹೋಗಿ ಅದರೊಳಗೆ ತೆರೆದುಕೊಂಡಿತು, ಥ್ರೆಡ್‌ನ ಒಂದು ಪಕ್ಕವೇ ಇಲ್ಲ. ಪ್ಲೇಟ್‌ಗಳೆಲ್ಲ ಗುಜರಿಗೆ.

ಇದೇ ಗೊಂದಲ ಉಲ್ಟಾ ಆಗಿದ್ದರೆ, ಅಂದರೆ ಸೆಂಟರ್ ದೂರ 40 ಅನ್ನು ಒಟ್ಟು ಉದ್ದ ಅಂದುಕೊಂಡು ಹೊಡೆದಿದ್ದರೆ, ಸ್ಲಾಟ್ 14 ಮಿಮೀ ಗಿಡ್ಡ ಆಗುತ್ತಿತ್ತು. ಲೋಹ ಇನ್ನೂ ಅಲ್ಲೇ ಇರುತ್ತದೆ, ಮತ್ತೆ ಕಟ್ಟಿ ಎರಡೂ ಕಡೆ 7 ತೆಗೆದರೆ ಮುಗಿಯಿತು. ಉದ್ದ ಆದರೆ ಉಪಾಯವಿಲ್ಲ. ನಿಮ್ಮ ಕೈಗೆ ತಪ್ಪಿದ ಪೀಸ್ ಬಂದರೆ ಎಷ್ಟು ತಪ್ಪಿದೆ ಅಂತ ಮೊದಲು ನೋಡಿ. ಸರಿಯಾಗಿ ಒಂದು ಅಗಲದಷ್ಟು ವ್ಯತ್ಯಾಸ ಇದ್ದರೆ ಸೆಂಟರ್‌ಗೂ ಒಟ್ಟು ಉದ್ದಕ್ಕೂ ಅದಲುಬದಲಾಗಿದೆ. ಅರ್ಧ ಅಗಲದಷ್ಟಿದ್ದರೆ ಒಂದು ಕಡೆ ತುದಿಯಿಂದ, ಇನ್ನೊಂದು ಕಡೆ ಸೆಂಟರ್‌ನಿಂದ ಅಳೆದಿದ್ದಾರೆ.

ಹಾಗಾದರೆ ಮೂರನ್ನೂ ಬರೆದರೆ ಗೊಂದಲವೇ ಇರಲ್ಲವಲ್ಲ ಅಂತ ನಿಮಗೆ ಅನ್ನಿಸುತ್ತದೆ. ಇರುತ್ತದೆ. ಅಗಲಕ್ಕೆ 14, ಪ್ಲಸ್ 0.2 ಟಾಲರೆನ್ಸ್ ಇದೆ ಅನ್ನಿ. ಸ್ಲಾಟ್ 14.2 ಆಗಿ ಬಂತು, ಪಾಸ್. ಆಗ ತುದಿ ಪೂರ್ತಿ ಅರ್ಧವೃತ್ತ ಆಗಬೇಕಾದರೆ ರೇಡಿಯಸ್ 7.1 ಇರಲೇಬೇಕು. ನೀವು R7 ಅಂತ ಬೇರೆ ಬರೆದಿದ್ದರೆ, ಅದಕ್ಕೇ ಸರಿಯಾಗಿ ಮಾಡಿದಾಗ ಗುಂಡು ನೇರ ಗೋಡೆಗೆ ಸೇರುವಲ್ಲಿ ಎರಡೂ ಪಕ್ಕ 0.1ರ ಮೆಟ್ಟಿಲು ನಿಲ್ಲುತ್ತದೆ. ಒಟ್ಟು ಉದ್ದವೂ ಹಾಗೆಯೇ: ಸೆಂಟರ್ ಸರಿಯಾಗಿ 40 ಇದ್ದರೂ ಉದ್ದ 54.2 ಆಗುತ್ತದೆ, ಇನ್‌ಸ್ಪೆಕ್ಷನ್‌ನವರು ನಿಮ್ಮ 54 ಹಿಡಿದುಕೊಂಡು ರಿಜೆಕ್ಟ್ ಅನ್ನುತ್ತಾರೆ. ಅಗಲ, ಸೆಂಟರ್ ದೂರ ಇವೆರಡನ್ನೇ ಕೊಡಿ. ತುದಿಗೆ ಅಂಕಿ ಇಲ್ಲದೆ ಬರಿ ‘2X R’ ಅಂತ ಹಾಕಿ, ASME Y14.5 ಒಪ್ಪುವ ಪದ್ಧತಿಯೇ ಅದು. ಟರೆಟ್ ಪಂಚ್‌ಗೆ ಹೋಗುವ ಶೀಟ್ ಆದರೆ ಮಾತ್ರ ಸೆಂಟರ್ ಬದಲು ಒಟ್ಟು ಉದ್ದ ಕೊಡಿ, ಅಲ್ಲಿ ಟೂಲ್ ಹುಡುಕುವುದೇ 14 × 54 ಅಂತ.

ಪೀಸ್ ಬಂದ ಮೇಲೆ ಸೆಂಟರ್ ದೂರವನ್ನು ನೇರವಾಗಿ ಅಳೆಯಲು ಆಗಲ್ಲ, ಸೆಂಟರ್ ಇರುವುದು ಗಾಳಿಯಲ್ಲಿ. ಸ್ಲಾಟ್‌ನೊಳಗೆ ಸಡಿಲವಾಗಿ ಇಳಿಯುವ ಎರಡು ಡೋವೆಲ್ ಪಿನ್ ನಿಲ್ಲಿಸಿ, ಒಂದೊಂದನ್ನು ಒಂದೊಂದು ತುದಿಗೆ ಒತ್ತಿ ಹಿಡಿದು, ಪ್ಲೇಟ್‌ನ ಮೇಲೆ ಅವುಗಳ ಹೊರಗಿನಿಂದ ಹೊರಕ್ಕೆ ವರ್ನಿಯರ್ ಹಾಕಿ. ಪಿನ್ 12ರದಾಗಲಿ 13ರದಾಗಲಿ, ಸಿಗುವುದು ಒಟ್ಟು ಉದ್ದವೇ. ಅದರಿಂದ ಅದೇ ಪೀಸ್‌ನ ಅಳೆದ ಅಗಲ ಕಳೆಯಿರಿ, ಡ್ರಾಯಿಂಗ್‌ನ 14 ಅಲ್ಲ. 54.2ರಲ್ಲಿ 14.2 ಹೋದರೆ 40, ಪೀಸ್ ಓಕೆ.