ಆ್ಯಪ್ ಬದಲಾಯಿಸಬೇಡಿ, ಫೋನ್ ಹಿಡಿಯೋ ಕೋನ ಬದಲಾಯಿಸಿ

ಪ್ರಶ್ನೆ: ಮನೆ ಊಟದ ತಟ್ಟೆ ಫೋಟೋ ತೆಗೆದು ಕ್ಯಾಲರಿ ಲೆಕ್ಕ ಹಾಕೋ ಆ್ಯಪ್‌ಗೆ ಹಾಕ್ತೀನಿ. ಅನ್ನ, ಸೌತೆಕಾಯಿ ಹುಳಿ, ಬೀನ್ಸ್ ಪಲ್ಯ, ಒಂದೆಲಗದ ತಂಬುಳಿ, ಹಪ್ಪಳ. ನೇರ ಮೇಲಿಂದಲೇ ತೆಗೀತೀನಿ. ಒಂದಿನ 450 ಅನ್ನುತ್ತೆ, ಇನ್ನೊಂದಿನ ಅದೇ ಊಟಕ್ಕೆ 700. ಊರು ತೀರ್ಥಹಳ್ಳಿ ಹತ್ರ. ಯಾವ ಆ್ಯಪ್ ನಂಬಬೇಕು?

ಯಾವುದನ್ನೂ ಬೇಡ. ನೇರ ಮೇಲಿಂದ ತೆಗೆದ ಫೋಟೋ ಕೊಟ್ಟರೆ ಎಂಥಾ ಆ್ಯಪ್ ಆದರೂ ಊಹೆಯನ್ನೇ ಹೇಳುತ್ತೆ. ನಾನೂ ಒಂದು ಕಾಲಕ್ಕೆ ತಟ್ಟೆ ಪೂರ್ತಿ ದುಂಡಗೆ ಕಂಡರೆ ಅದೇ ಸರಿಯಾದ ಫೋಟೋ ಅಂದುಕೊಂಡವನು. ಈಗ ಶಿವಮೊಗ್ಗದಲ್ಲಿ ಆಹಾರ ಸಲಹೆ ಕೊಡೋದೇ ಕೆಲಸವಾಗಿದೆ, ದಿನಾ ಬರೋ ಫೋಟೋಗಳಲ್ಲಿ ಮುಕ್ಕಾಲು ಪಾಲು ನಿಮ್ಮದರ ಥರದ್ದೇ. ಅದರಲ್ಲಿ ಎಲ್ಲ ಕಾಣುತ್ತೆ, ಅನ್ನದ ಎತ್ತರ ಒಂದು ಬಿಟ್ಟು.

ಈ ಎತ್ತರದ ವಿಷಯವನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಕ್ಯಾಲರಿ ಕೈತಪ್ಪೋದು ಹೆಚ್ಚಾಗಿ ಇಲ್ಲೇ. ನಿಮ್ಮ ತಟ್ಟೆಯಲ್ಲಿ ಅನ್ನ 14 ಸೆಂಟಿಮೀಟರ್ ಅಗಲ ಹರಡಿದೆ ಅಂತ ಇಟ್ಟುಕೊಳ್ಳಿ. ಮೇಲಿಂದ ನೋಡಿದರೆ ಅದು ಬಿಳಿ ವೃತ್ತ, ಅಷ್ಟೇ. ಅದರ ಬುಡದ ವಿಸ್ತೀರ್ಣ ಸುಮಾರು 154 ಚದರ ಸೆಂಟಿಮೀಟರ್. ಅನ್ನದ ಗುಡ್ಡೆ ಡಬ್ಬಿಯ ಹಾಗೆ ನೆಟ್ಟಗೆ ಇರೋದಿಲ್ಲ, ಅಂಚಿಗೆ ಬಂದಂತೆ ಇಳಿಯುತ್ತೆ. ಹಾಗಾಗಿ ಬುಡದ ವಿಸ್ತೀರ್ಣವನ್ನು ನಡುವಿನ ಎತ್ತರದಿಂದ ಗುಣಿಸಿ ಅರ್ಧ ಮಾಡಿದರೆ ಗಾತ್ರ ಹೆಚ್ಚುಕಡಿಮೆ ಸರಿಯಾಗಿ ಸಿಗುತ್ತೆ. ಉದುರುದುರಾದ ಅನ್ನ ಒಂದು ಮಿಲಿಲೀಟರಿಗೆ ಸುಮಾರು 0.7 ಗ್ರಾಂ ತೂಗುತ್ತೆ, ನೂರು ಗ್ರಾಂ ಅನ್ನಕ್ಕೆ ಸುಮಾರು 130 ಕ್ಯಾಲರಿ. ಈಗ ಎತ್ತರ 3 ಸೆಂಟಿಮೀಟರ್ ಇದ್ದರೆ ಅನ್ನ 160 ಗ್ರಾಂ, ಕ್ಯಾಲರಿ 210. ಎತ್ತರ 4 ಆದರೆ 280. 5 ಆದರೆ 350. ಮೂರಕ್ಕೂ ಮೇಲಿಂದ ತೆಗೆದ ಫೋಟೋ ಒಂದೇ! ಒಂದೊಂದು ಸೆಂಟಿಮೀಟರಿಗೆ 70 ಕ್ಯಾಲರಿ. ನಿಮ್ಮ 450ಕ್ಕೂ 700ಕ್ಕೂ ನಡುವಿನ ಅಂತರದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಕಾಣದ ಎರಡು ಸೆಂಟಿಮೀಟರಿನಲ್ಲೇ ಅಡಗಿರಬಹುದು.

ಅದಕ್ಕೆ ಫೋನನ್ನು ತಟ್ಟೆಯ ನೆತ್ತಿ ಮೇಲೆ ಹಿಡಿಯಬೇಡಿ. ಕೂತಲ್ಲಿಂದ ಸಹಜವಾಗಿ ಕಣ್ಣು ತಟ್ಟೆಗೆ ಬೀಳೋ ಓರೆಯಲ್ಲಿ, ಅಂದರೆ 45 ಡಿಗ್ರಿ ಆಸುಪಾಸಿನಲ್ಲಿ ಹಿಡಿಯಿರಿ. ತೀರಾ ಹತ್ತಿರ ಹೋದರೆ ಮುಂದಿರೋ ಪಲ್ಯ ದೊಡ್ಡದಾಗಿ, ಹಿಂದಿರೋ ಅನ್ನ ಚಿಕ್ಕದಾಗಿ ಕಾಣುತ್ತೆ. ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚೇ ದೂರ ಇಟ್ಟು, ಬೇಕಾದರೆ ಝೂಮ್ ಮಾಡಿ. ಇನ್ನೂ ಕೆಳಗಿಳಿಸಿ ಅಡ್ಡಡ್ಡ ತೆಗೆದರೆ ಅನ್ನದ ಗುಡ್ಡೆ ಹಿಂದಿನದನ್ನೆಲ್ಲ ಮರೆಮಾಡುತ್ತೆ, ಅದೂ ಬೇಡ.

ಅಳತೆಗೆ ಒಂದು ಗುರುತು ಬೇಕು. ಅವಧಿ ಮುಗಿದ ಎಟಿಎಂ ಕಾರ್ಡ್ ಇದ್ದರೆ ಅದೇ ಸಾಕು: ಎಲ್ಲ ಬ್ಯಾಂಕಿನ ಕಾರ್ಡೂ 8.56 ಸೆಂಟಿಮೀಟರ್ ಉದ್ದ, 5.4 ಸೆಂಟಿಮೀಟರ್ ಅಗಲ. (ನಂಬರ್ ಇರೋ ಬದಿ ಕ್ಯಾಮೆರಾ ಕಡೆ ಬೇಡ, ಮತ್ತೆ ಅದೊಂದು ತಲೆನೋವು.) ಅದರ ಉದ್ದದ ಬದಿಯನ್ನು ಕೆಳಗೆ ಮಾಡಿ, ಅನ್ನದ ಪಕ್ಕದಲ್ಲಿ, ತಟ್ಟೆಯ ಹೊರಗೆ ನೆಟ್ಟಗೆ ನಿಲ್ಲಿಸಿ. ಅನ್ನದ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ಸಾಲಾಗಿ ಪಕ್ಕದಲ್ಲಿ. ಆಗ ಕಾರ್ಡಿಗೂ ಅನ್ನಕ್ಕೂ ಕ್ಯಾಮೆರಾದಿಂದ ಒಂದೇ ದೂರ. ಓರೆಯಿಂದಾಗಿ ಕಾರ್ಡಿನ ಎತ್ತರ ಎಷ್ಟು ಕುಗ್ಗಿ ಕಾಣುತ್ತೋ ಅನ್ನದ ಎತ್ತರವೂ ಅಷ್ಟೇ ಕುಗ್ಗಿ ಕಾಣುತ್ತೆ, ಕೋನದ ಲೆಕ್ಕ ನೀವು ಮಾಡಬೇಕಾಗಿಲ್ಲ. ಫೋಟೋದಲ್ಲಿ ಅನ್ನದ ಬುಡ ಮೊಟ್ಟೆಯಾಕಾರವಾಗಿ ಕಾಣುತ್ತಲ್ಲ, ಅದರ ನಡುವಿನಿಂದ ಗುಡ್ಡೆಯ ತುದಿವರೆಗೆ ನೋಡಿ. ಕಾರ್ಡಿನ ಮುಕ್ಕಾಲು ಭಾಗದಷ್ಟು ಬಂದರೆ ಅದು 4 ಸೆಂಟಿಮೀಟರ್.

ಅಗಲ ಅಳೆಯುವಾಗ ಎಡದಿಂದ ಬಲಕ್ಕೆ ಮಾತ್ರ ಅಳೆಯಿರಿ. ಹಿಂದೆಮುಂದಿನ ಅಳತೆ ಓರೆಯಲ್ಲಿ ಕುಗ್ಗಿರುತ್ತೆ. ಇಲ್ಲಿ ಕಾರ್ಡಿಗಿಂತ ತಟ್ಟೆಯೇ ಒಳ್ಳೆ ಗುರುತು. ಮನೆಯ ಸ್ಟೀಲ್ ತಟ್ಟೆಯ ವ್ಯಾಸ ಒಂದು ಸಲ ಟೇಪ್ ಹಿಡಿದು ಅಳೆದು ಬರೆದಿಡಿ. ತಟ್ಟೆ 30 ಸೆಂಟಿಮೀಟರ್ ಇದ್ದು, ಪರದೆ ಮೇಲೆ ಅನ್ನದ ಅಗಲ ತಟ್ಟೆಯ ಅರ್ಧಕ್ಕೆ ಸ್ವಲ್ಪ ಕಡಿಮೆ ಅಂದರೆ ಅದೇ ನಮ್ಮ 14. ಅಗಲದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಲೆಕ್ಕ ಶೇ. 15ರಷ್ಟು ಏರುಪೇರಾಗುತ್ತೆ. ಎತ್ತರದಲ್ಲಿ ಅಷ್ಟೇ ತಪ್ಪಿದರೆ ಶೇ. 25.

ಫೋಟೋ ಆಗೋವರೆಗೆ ಹುಳಿ ಬಡಿಸಬೇಡಿ. ಹುಳಿ ಬಿದ್ದ ಕೂಡಲೇ ಗುಡ್ಡೆ ಕುಸಿಯುತ್ತೆ, ಅರ್ಧ ಹುಳಿ ಅನ್ನದೊಳಗೆ ಇಳಿದು ಹೋಗುತ್ತೆ, ಆಮೇಲೆ ಅನ್ನವೂ ಗೊತ್ತಾಗಲ್ಲ, ಹುಳಿಯೂ ಗೊತ್ತಾಗಲ್ಲ. ತುಪ್ಪವೂ ಹಾಗೇ: ಬಿಸಿ ಅನ್ನಕ್ಕೆ ಮಿಳ್ಳೆಯಿಂದ ಒಂದು ಚಮಚ ಬಿಟ್ಟರೆ 40 ಕ್ಯಾಲರಿ, ಅರೆಗಳಿಗೆಯಲ್ಲಿ ಮಾಯ. ಅದನ್ನು ಯಾವ ಕ್ಯಾಮೆರಾನೂ ಹಿಡಿಯಲ್ಲ, ಬರೆದುಕೊಳ್ಳಬೇಕು.

ಇನ್ನು ಹುಳಿ, ಪಲ್ಯ. ಇಲ್ಲಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ತಟ್ಟೆಯ ಫೋಟೋ ಎಷ್ಟು ಬಡಿಸಿದ್ದೀರಿ ಅಂತ ಹೇಳಬಹುದು, ಒಳಗೆ ಏನೇನು ಬಿದ್ದಿದೆ ಅಂತ ಹೇಳಲಾರದು. ಅದನ್ನು ಒಲೆ ಮುಂದೆಯೇ ಬರೆದುಕೊಳ್ಳಬೇಕು, ಅದೂ ಹಸಿ ಸಾಮಾನಿನ ಲೆಕ್ಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪಟ್ಟಿಯೂ ಹಸಿ ಪದಾರ್ಥಗಳದ್ದೇ. ಸೌತೆಕಾಯಿ ಹುಳಿ ಅಂತ ಹುಡುಕಿದರೆ ಅದರಲ್ಲಿ ಸಿಗಲ್ಲ, ಬೇಳೆ, ತೆಂಗಿನಕಾಯಿ ಅಂತ ಹುಡುಕಿದರೆ ಸಿಗುತ್ತೆ.

ನಾಲ್ಕು ಜನಕ್ಕೆ ಮಾಡಿದ ಒಂದು ಹುಳಿ ನೋಡೋಣ. ತೊಗರಿಬೇಳೆ 100 ಗ್ರಾಂ, ಅದು ಸುಮಾರು 340 ಕ್ಯಾಲರಿ. ಕಾಯಿತುರಿ 80 ಗ್ರಾಂ, ಸುಮಾರು 300. ಸೌತೆಕಾಯಿ ಎಷ್ಟು ಹಾಕಿದರೂ ಐವತ್ತು ಅರವತ್ತು. ಒಗ್ಗರಣೆ ಎಣ್ಣೆ ಎರಡು ಟೀ ಚಮಚ 80, ಸಣ್ಣ ಚೂರು ಬೆಲ್ಲ 40. ಒಟ್ಟು 820ರ ಹತ್ತಿರ. ಪಾತ್ರೆಯಲ್ಲಿ ಹುಳಿ 1.6 ಲೀಟರ್ ಆಗಿದ್ದರೆ ನೂರು ಮಿಲಿಲೀಟರಿಗೆ 50 ಚಿಲ್ಲರೆ. ನಿಮ್ಮನೆ ಸೌಟು ಎಷ್ಟು ಹಿಡಿಯುತ್ತೆ ಅಂತ ನೀರು ತುಂಬಿ ಒಂದು ಸಲ ಅಳೆದುಬಿಡಿ. 80 ಮಿಲಿಲೀಟರ್ ಸೌಟಾದರೆ ಎರಡೂವರೆ ಸೌಟಿಗೆ 100 ಕ್ಯಾಲರಿ. ಬಡಿಸೋ ಮೊದಲು ತಳದಿಂದ ಕಲಕಬೇಕು, ಇಲ್ಲದಿದ್ದರೆ ಮೊದಲು ಕೂತವರಿಗೆ ತಿಳಿ, ಕೊನೆಗೆ ಕೂತವರಿಗೆ ಬೇಳೆ.

ನಮ್ಮ ಕಡೆಯವರಿಗೆ ಕಾಯಿ ಅಂದರೆ ಭಯ ಹುಟ್ಟಿಸಿಬಿಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿ: ಈ ಹುಳಿಗೆ ಕಾಯಿ ಎರಡು ಪಟ್ಟು ಹಾಕಿದರೂ ನಿಮ್ಮ ಪಾಲಿಗೆ ಹೆಚ್ಚಾಗೋದು ನಲವತ್ತು ಕ್ಯಾಲರಿಯೂ ಇಲ್ಲ. ಅನ್ನ ಅರ್ಧ ಸೆಂಟಿಮೀಟರ್ ಎತ್ತರ ಆದರೂ ಅಷ್ಟೇ ಆಗುತ್ತೆ.

ಪಲ್ಯದಲ್ಲಿ ನೋಡಬೇಕಾದ್ದು ಎಣ್ಣೆ. ಕಾಲು ಕೆಜಿ ಬೀನ್ಸ್, 40 ಗ್ರಾಂ ಕಾಯಿತುರಿ, ಮೂರು ಟೀ ಚಮಚ ಎಣ್ಣೆ ಅಂದರೆ ನಾಲ್ವರಲ್ಲಿ ಒಬ್ಬರಿಗೆ 90ರ ಒಳಗೆ. ಅದೇ ಮೂರು ಚಮಚ ದೊಡ್ಡ ಚಮಚವಾದರೆ 150. ಎಣ್ಣೆ ಹೆಚ್ಚಾದರೆ ಪಲ್ಯ ಫೋಟೋದಲ್ಲಿ ಮಿರಮಿರ ಅನ್ನುತ್ತೆ ಅಂತ ಕೆಲವರು ಹೇಳ್ತಾರೆ. ಬರೀ ಆಲೂಗಡ್ಡೆ ಹುರಿದದ್ದಕ್ಕೆ ಅದು ಸರಿ, ಕಾಯಿ ಹಾಕಿದ ಪಲ್ಯಕ್ಕೆ ಸರಿಯಲ್ಲ, ಯಾಕಂದ್ರೆ ತುರಿ ಎಣ್ಣೆ ಹೀರಿಕೊಂಡು ಸುಮ್ಮನಿರುತ್ತೆ. ಅದಕ್ಕಿಂತ ಊಟ ಆದ ಮೇಲಿನ ತಟ್ಟೆ ನೋಡಿ: ಪಲ್ಯ ಇದ್ದ ಜಾಗದಲ್ಲಿ ಬೆರಳು ಎಳೆದರೆ ಜಿಡ್ಡಿನ ಗೆರೆ ಮೂಡಿದರೆ ದೊಡ್ಡ ಚಮಚದ ಲೆಕ್ಕವೇ ಇಟ್ಟುಕೊಳ್ಳಿ.

ಹಪ್ಪಳ ಕೆಂಡದಲ್ಲಿ ಸುಟ್ಟದ್ದೋ ಕರಿದದ್ದೋ ಅನ್ನೋದರ ಮೇಲೆ ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ. ಕರಿದ ಹಪ್ಪಳವನ್ನೇ ತೂಗಿ ಎಣ್ಣೆ ಎಷ್ಟು ಕುಡಿದಿದೆ ಅಂತ ಹೇಳೋಕಾಗಲ್ಲ, ಎಣ್ಣೆ ಒಳಗೆ ಹೋಗುವಾಗ ನೀರಿನಂಶ ಹೊರಗೆ ಹೋಗಿರುತ್ತೆ. ಎಣ್ಣೆ ಸಮೇತ ಬಾಣಲೆಯನ್ನು ಕರಿಯೋ ಮೊದಲು ಒಮ್ಮೆ, ಪೂರ್ತಿ ಆರಿದ ಮೇಲೆ ಒಮ್ಮೆ ತೂಗಿ, ಕಡಿಮೆಯಾದದ್ದನ್ನು ಹಪ್ಪಳದ ಸಂಖ್ಯೆಯಿಂದ ಭಾಗಿಸಿ. ಗ್ರಾಂ ಎಣ್ಣೆಗೆ 9 ಕ್ಯಾಲರಿ. ತಂಬುಳಿಗೆ ಇಷ್ಟೆಲ್ಲ ಬೇಡ. ಬಟ್ಟಲಿಗೆ ಎಷ್ಟು ನೀರು ಹಿಡಿಯುತ್ತೆ ಅಂತ ಗೊತ್ತಿದ್ದರೆ ಸಾಕು, ತೆಳ್ಳಗೆ ಮಾಡಿದ್ದು ಸಣ್ಣ ಬಟ್ಟಲಿಗೆ 45 ಅಂತ ಹಿಡಿಯಿರಿ.

ಹಾಗಾದರೆ ನಿಮ್ಮ ತಟ್ಟೆ: 4 ಸೆಂಟಿಮೀಟರ್ ಎತ್ತರದ ಅನ್ನ 280, ಹುಳಿ 100, ಪಲ್ಯ 90, ತಂಬುಳಿ 45, ಕರಿದ ಹಪ್ಪಳ 80, ತುಪ್ಪ 40. ಒಟ್ಟು 635. ಇದನ್ನು ನಾನು 550ರಿಂದ 720 ಅಂತ ಬರೆದಿಟ್ಟುಕೊಳ್ತೀನಿ. ಒಂದು ಫೋಟೋದಿಂದ ಇದಕ್ಕಿಂತ ಸಣ್ಣ ಅಂತರ ಹೇಳುವವರನ್ನು ನಾನು ನಂಬಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಒಂದು ದೊಡ್ಡ ತೂತು ಉಳಿಯುತ್ತೆ. ನಮ್ಮಲ್ಲಿ ಊಟ ಒಂದೇ ಸಲ ಬಡಿಸಿ ಮುಗಿಯೋದಲ್ಲ. ತಂಬುಳಿಗೆ ಸ್ವಲ್ಪ ಅನ್ನ, ಹುಳಿಗೆ ಇನ್ನಷ್ಟು, ಕೊನೆಗೆ "ಮಜ್ಜಿಗೆಗೆ ಒಂಚೂರು ಹಾಕಿಸ್ಕೊಳಿ" ಅಂತ ಅಮ್ಮನೋ ಅತ್ತೆಯೋ ಬಗ್ಗಿ ಹಾಕೇಬಿಡ್ತಾರೆ. ನಿಮ್ಮ ಫೋಟೋ ಮೊದಲ ಬಾರಿಯದ್ದು. ಆ ಒಂಚೂರು 150 ಗ್ರಾಂ ಇದ್ದರೆ ಸುಮಾರು 200 ಕ್ಯಾಲರಿ ಲೆಕ್ಕಕ್ಕೇ ಬಂದಿಲ್ಲ. ಪ್ರತಿ ಸಲ ಊಟದ ನಡುವೆ ಎಡಗೈಯಲ್ಲಿ ಫೋನ್ ಹಿಡಿಯೋದು ಆಗದ ಮಾತು. ಅದಕ್ಕೆ ಕೂರುವ ಮೊದಲೇ ನಿಮ್ಮ ಪಾಲಿನ ಅನ್ನ ಪೂರ್ತಿ ಒಂದು ಬೇರೆ ಪಾತ್ರೆಗೆ ತೆಗೆದಿಟ್ಟು, ಅದನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಮೂರು ಸಲವೂ ಅದರಿಂದಲೇ ಬಡಿಸಿಕೊಳ್ಳಿ. ಪಾತ್ರೆಯಲ್ಲಿ ಉಳಿದರೆ ಉಳಿದದ್ದನ್ನು ಕಳೆಯಿರಿ. ಆಗ ಅನ್ನಕ್ಕೆ ಫೋಟೋವೇ ಬೇಡ, ಪಲ್ಯಕ್ಕೂ ಹಪ್ಪಳಕ್ಕೂ ಮಾತ್ರ ಸಾಕು.