ಕನಿಷ್ಠ ವೇರಿಯನ್ಸ್: ತೂಕ 100% ದಾಟಿದರೆ

> ಎ ಷೇರಿನ ವೊಲಟಿಲಿಟಿ 20%, ಬಿ 30%, ಕೋರಿಲೇಶನ್ 0.8. ಈ ಎರಡನ್ನೇ ಸೇರಿಸಿ ವೇರಿಯನ್ಸ್ ಕನಿಷ್ಠವಾಗುವ ಪೋರ್ಟ್‌ಫೋಲಿಯೊ ಲೆಕ್ಕ ಹಾಕಿದರೆ ಎ ತೂಕ 123.5% ಬರ್ತಿದೆ. ಎಲ್ಲಿ ತಪ್ಪಿದೆ?

ತಪ್ಪಿಲ್ಲ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಸೂತ್ರಕ್ಕೆ ದಶಮಾಂಶದಲ್ಲೇ ಹಾಕಿ ನೋಡಿ:

```
cov = 0.8 × 0.2 × 0.3 = 0.048
wA = (0.09 − 0.048) / (0.04 + 0.09 − 2 × 0.048)
   = 0.042 / 0.034 = 1.235
wB = 1 − wA = −0.235
```

ಬಿ ಮೈನಸ್ ಬಂದಿದೆ ಅಂದರೆ ಅದನ್ನು ಶಾರ್ಟ್ ಮಾಡಿ, ಅಂದರೆ ಎರವಲು ತಂದು ಮಾರಿ, ಬಂದ ಹಣವನ್ನೂ ಎ ಮೇಲೆ ಹಾಕಬೇಕು ಎಂದರ್ಥ. ಕೋರಿಲೇಶನ್ 20/30, ಅಂದರೆ 0.667 ದಾಟಿದ ಕೂಡಲೇ ಹೀಗಾಗುತ್ತದೆ: ಆಗ ಬಿಯನ್ನು ಸ್ವಲ್ಪ ಸೇರಿಸಿದರೂ ರಿಸ್ಕ್ ಏರುತ್ತದೆ.

ಶಾರ್ಟ್ ಮಾಡುವಂತಿಲ್ಲವಾದರೆ ಉತ್ತರ ಎ 100%, ಬಿ 0. ಇದರಿಂದ ಕಳೆದುಕೊಳ್ಳುವುದೂ ಅಲ್ಪವೇ: ಶಾರ್ಟ್ ಸಮೇತ ವೊಲಟಿಲಿಟಿ ಸುಮಾರು 19.5%, ಇಲ್ಲದೆ 20%. ಅಷ್ಟಕ್ಕಾಗಿ ಶಾರ್ಟ್ ಖರ್ಚು ಹೊರುವುದು ನನಗೆ ಸರಿಕಾಣದು. ಕೋರಿಲೇಶನ್ 0.3 ಆಗಿದ್ದರೆ ಎ 76.6%, ಬಿ 23.4%; ವೊಲಟಿಲಿಟಿ 18.7%.