ಶವದ ಕಣ್ಣಿನಲ್ಲಿ ವಯಸ್ಸು ಓದುವ ಡಾಕ್ಟರು

“ನನ್ನ ಪತ್ತೇದಾರಿ ಕಥೆಯಲ್ಲಿ ಎರಡು ದಿನ ಕೆರೆಯ ದಂಡೆಯಲ್ಲಿ ಕಣ್ಣು ತೆರೆದೇ ಬಿದ್ದಿದ್ದ ಅಪರಿಚಿತ ಶವವೊಂದು ಸಿಗುತ್ತದೆ. ಕಣ್ಣಪಾಪೆಯ ಸುತ್ತ ಬಿಳಿ ಉಂಗುರವನ್ನೂ ಒಳಗೆ ಪೊರೆಯನ್ನೂ ಕಂಡ ಡಾಕ್ಟರು, ಈತನಿಗೆ ಎಪ್ಪತ್ತು ವರ್ಷ ಎಂದು ಖಚಿತವಾಗಿ ಹೇಳುತ್ತಾರೆ. ಈ ಭಾಗ ನಂಬುವಂತಿದೆಯೇ?”

ಮಾನ್ಯರೇ,

ನಂಬುವಂತಿಲ್ಲ. ಕಥೆಯ ತನಿಖೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿರುವುದರಿಂದ ಇದನ್ನು ಹೀಗೆಯೇ ಪ್ರಕಟಿಸಲಾರೆವು.

ಮೊದಲು ಪೊರೆಯ ವಿಷಯ. ಪೊರೆ ಕಟ್ಟುವ ಮಸೂರವು ಪಾಪೆಯ ಹಿಂದಿದೆ. ಅದು ಕಾಣಬೇಕಾದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತಿಳಿಯಾಗಿರಬೇಕು. ಸತ್ತ ಮೇಲೆ ರೆಪ್ಪೆ ತೆರೆದೇ ಇದ್ದರೆ ಕೆಲವೇ ಗಂಟೆಗಳಲ್ಲಿ ಕಾರ್ನಿಯಾ ಒಣಗಿ ಮಂಜಾಗತೊಡಗುತ್ತದೆ. ಎರಡು ದಿನಗಳ ಬಳಿಕ ನಿಮ್ಮ ಡಾಕ್ಟರಿಗೆ ಕಂಡದ್ದು ಆ ಮಂಜೇ ಹೊರತು ಪೊರೆಯಲ್ಲ, ಅದು ಇಪ್ಪತ್ತರ ತರುಣನಲ್ಲೂ ಹಾಗೆಯೇ ಕಾಣುತ್ತಿತ್ತು. ಶವ ಬೇಗ ಸಿಕ್ಕಿತೆಂದು ಬದಲಾಯಿಸಿದರೂ ಪೊರೆಯೊಂದರಿಂದಲೇ ವಯಸ್ಸನ್ನು ಹೇಳಲಾಗದು: ಸಕ್ಕರೆ ಕಾಯಿಲೆ, ಪೆಟ್ಟು, ದೀರ್ಘಕಾಲ ಸ್ಟೀರಾಯ್ಡ್ ಸೇವನೆ ಇವುಗಳಿಂದ ಅದು ಬೇಗ ಬರಬಹುದು, ಇನ್ನೊಂದೆಡೆ ಶಸ್ತ್ರಚಿಕಿತ್ಸೆಯಾಗಿ ಕೃತಕ ಮಸೂರ ಹಾಕಿಸಿಕೊಂಡ ಎಪ್ಪತ್ತರ ಹಿರಿಯರಲ್ಲಿ ಪೊರೆಯೇ ಇರುವುದಿಲ್ಲ.

ಉಂಗುರದ ಜಾಗವೂ ತಪ್ಪಾಗಿದೆ. ವೈದ್ಯರು ಆರ್ಕಸ್ ಎಂದು ಕರೆಯುವ ಈ ಉಂಗುರ ಪಾಪೆಯನ್ನು ಸುತ್ತುವುದಿಲ್ಲ. ಕಾರ್ನಿಯಾದ ಅಂಚಿನ ಸಮೀಪ ಕೊಬ್ಬು ಶೇಖರಗೊಂಡು ಮೂಡುವ ಬೂದು-ಬಿಳಿ ಪಟ್ಟಿ ಅದು, ಮತ್ತು ಅದಕ್ಕೂ ಬಿಳಿಗುಡ್ಡೆಗೂ ನಡುವೆ ತಿಳಿಯಾದ ಸಣ್ಣ ಅಂತರ ಉಳಿದಿರುತ್ತದೆ. ಸಾಮಾನ್ಯವಾಗಿ ಮೇಲೂ ಕೆಳಗೂ ಕಮಾನಿನಂತೆ ಆರಂಭವಾಗಿ, ವರ್ಷಗಳು ಕಳೆದಂತೆ ಎರಡು ತುದಿಗಳೂ ಕೂಡಿ ಪೂರ್ಣ ವೃತ್ತವಾಗುತ್ತದೆ. ದೃಷ್ಟಿಗೆ ಇದರಿಂದ ತೊಂದರೆಯಿಲ್ಲ. ಅರವತ್ತು ದಾಟಿದವರಲ್ಲಿ ಇದು ತೀರಾ ಸಾಮಾನ್ಯ, ನಲವತ್ತರೊಳಗೆ ವಿರಳ. ಆದ್ದರಿಂದ ಎಚ್ಚರವುಳ್ಳ ಡಾಕ್ಟರು “ವಯಸ್ಸಾದವರಿರಬಹುದು” ಎನ್ನಬಲ್ಲರೇ ಹೊರತು ಎಪ್ಪತ್ತೆಂಬ ಅಂಕಿಯನ್ನು ಕೊಡಲಾರರು.

ಆದರೆ ನಿಮ್ಮ ಕಥೆಗೆ ಇನ್ನೂ ಒಳ್ಳೆಯ ತಿರುವು ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಶವ ಕೆಲವೇ ಗಂಟೆಗಳಲ್ಲಿ, ಮುಚ್ಚಿದ ಕಣ್ಣುಗಳೊಂದಿಗೆ ಸಿಗಲಿ. ಉಂಗುರವನ್ನು ನಂಬಿದ ಇನ್ಸ್‌ಪೆಕ್ಟರು ಕಾಣೆಯಾದ ಮುದುಕರ ದೂರುಗಳನ್ನೆಲ್ಲ ತಡಕಿ ಸೋಲಲಿ. ಅನಂತರ ಶವಪರೀಕ್ಷೆಯಲ್ಲಿ ಡಾಕ್ಟರು ಹಲ್ಲುಗಳ ಸವೆತವನ್ನು ನೋಡಿ, ಇದು ಮುದುಕನ ಬಾಯಲ್ಲವೆಂದು ಅನುಮಾನಿಸಲಿ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಎರಡೂ ಕಾಲಿನಲ್ಲಿ ದಪ್ಪಗಟ್ಟಿ ಗಂಟುಗಂಟಾಗಿರಲಿ, ಹೃದಯದ ರಕ್ತನಾಳಗಳು ಕೊಬ್ಬಿನಿಂದ ಕಟ್ಟಿಹೋಗಿರಲಿ. ಇವು ವಂಶದಿಂದ ಬರುವ ಅಧಿಕ ಕೊಲೆಸ್ಟರಾಲ್‌ನ ಗುರುತುಗಳು. ಅದು ಇದ್ದವರಲ್ಲಿ ಮೂವತ್ತರ ವಯಸ್ಸಿನಲ್ಲೇ ಆರ್ಕಸ್ ಕಾಣಬಹುದು, ಹೃದಯಾಘಾತವೂ ಅಷ್ಟೇ ಬೇಗ ಬರಬಹುದು. ಆಗ ಉಂಗುರವು ವಯಸ್ಸಿನ ಬದಲು ಸಾವಿನ ಕಾರಣದತ್ತ ಬೆರಳು ತೋರುತ್ತದೆ, ಮತ್ತು ಗುರುತು ಪತ್ತೆಗೆ ಪೊಲೀಸರು ಹುಡುಕಬೇಕಾದದ್ದು ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ಸತ್ತ ಅಪ್ಪನೋ ಅಣ್ಣನೋ ಇರುವ ಮನೆಯನ್ನು.

ಮೂರನೆಯ ಅಧ್ಯಾಯದಿಂದ ತಿದ್ದಿ ಬರೆದು ಕಳಿಸಿ, ಮೊದಲೆರಡನ್ನು ಮುಟ್ಟಬೇಕಿಲ್ಲ.

ಇತಿ,
ಸಂಪಾದಕ